ಕೆಂಪಾಗುವ ಡ್ಯೂಟಿ ಪಟ್ಟಿ

ಡ್ಯೂಟಿ ಪಟ್ಟಿ ಹಾಕುವ ಇನ್‌ಚಾರ್ಜ್ ಸಿಸ್ಟರ್ ಅದನ್ನು ಅಡ್ಡಸಾಲಿನಲ್ಲೇ ಓದುವುದು ಹೆಚ್ಚು. ಯಾರಿಗೆ ಎಷ್ಟು ನೈಟ್ ಬಂತು, ಯಾರ ವೀಕ್ಲಿ ಆಫ್ ತಪ್ಪಿತು ಎಂಬ ತಕರಾರುಗಳೆಲ್ಲ ಅಲ್ಲೇ ಹುಟ್ಟುತ್ತವೆ. ರೋಗಿಗೆ ಬೇಕಾದ ಉತ್ತರ ಮಾತ್ರ ಕಂಬಸಾಲಿನಲ್ಲಿದೆ: 14ನೇ ತಾರೀಖಿನ ರಾತ್ರಿ ವಾರ್ಡಿನಲ್ಲಿ ಎಷ್ಟು ಜನ ಇರುತ್ತಾರೆ? 31 ದಿನ, ದಿನಕ್ಕೆ ಮೂರು ಪಾಳಿ ಎಂದರೆ 93 ಸಲ ಎಣಿಸಬೇಕು. ಈ ಕೆಲಸವನ್ನು ಸ್ಪ್ರೆಡ್‌ಶೀಟ್‌ಗೆ ಬಿಡುವುದು ವಾಸಿ.

ಹತ್ತು ನರ್ಸ್‌ಗಳಿರುವ ಒಂದು ವಾರ್ಡ್ ಎಂದುಕೊಳ್ಳೋಣ. ಬೆಳಿಗ್ಗೆ ಕನಿಷ್ಠ 3, ಮಧ್ಯಾಹ್ನದ ಪಾಳಿಗೆ 2, ರಾತ್ರಿಗೆ 2 ಜನ ಬೇಕು. ವಾರಕ್ಕೆ 49 ಡ್ಯೂಟಿ ತುಂಬಬೇಕು. ಒಬ್ಬೊಬ್ಬರಿಗೆ ವಾರಕ್ಕೆ ಆರು ಡ್ಯೂಟಿಯಂತೆ ಸಿಗುವುದು 60. ರಜೆ, ಜ್ವರ, ನೈಟ್ ಆಫ್ ಎಲ್ಲವೂ ಮಿಕ್ಕ ಹನ್ನೊಂದರಲ್ಲೇ ಮುಗಿಯಬೇಕು.

ಹೆಸರುಗಳು A4ರಿಂದ A13ರವರೆಗೆ, B ಕಂಬಸಾಲಿನಲ್ಲಿ ಸೀನಿಯರ್‌ಗಳಿಗೆ S, ತಾರೀಖುಗಳು C ಇಂದ AGವರೆಗೆ. ಮನೆಗಳಲ್ಲಿ M, E, N ಅಥವಾ O. ಕೆಳಗೆ 15, 16, 17ನೇ ಸಾಲುಗಳು ಮೂರು ಪಾಳಿಗಳ ಎಣಿಕೆಗೆ. ಅವುಗಳ ಕನಿಷ್ಠ ಸಂಖ್ಯೆ AHನಲ್ಲಿ. C15ರಲ್ಲಿ ಹೀಗೆ ಬರೆದು AGವರೆಗೆ ಎಳೆಯಿರಿ. ಉಳಿದೆರಡು ಸಾಲುಗಳಲ್ಲಿ M ಬದಲು E, N:

```
=COUNTIF(C$4:C$13,"M")
```

ಈಗ C15:AG17 ಭಾಗಕ್ಕೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಕೆಂಪು ಬಣ್ಣದ ನಿಯಮ ಕೊಡಿ:

```
=C15<$AH15
```

ಖಾಲಿ ಪಟ್ಟಿಯ ಎಣಿಕೆ ಸಾಲುಗಳೆಲ್ಲ ಕೆಂಪಾಗಿರುತ್ತವೆ. ಡ್ಯೂಟಿ ತುಂಬುತ್ತಾ ಹೋದಂತೆ ಬಣ್ಣ ಇಳಿಯುತ್ತದೆ. AH ಹಿಂದಿನ ಡಾಲರ್ ಚಿಹ್ನೆ ಮರೆತರೆ ಅಪಾಯ. ಎರಡನೇ ತಾರೀಖಿನ ಎಣಿಕೆ AH ಬಿಟ್ಟು ಪಕ್ಕದ ಖಾಲಿ AI ಜೊತೆ ಹೋಲಿಕೆಯಾಗುತ್ತದೆ. ಖಾಲಿ ಎಂದರೆ ಸೊನ್ನೆ. ಸೊನ್ನೆಗಿಂತ ಕಡಿಮೆ ಎಣಿಕೆ ಇರಲಾರದು. ಹಾಗಾಗಿ ಯಾರೂ ಇಲ್ಲದ ರಾತ್ರಿಯೂ ಬೆಳ್ಳಗೆ ನಗುತ್ತಿರುತ್ತದೆ! ತಿಂಗಳ ನಡುವಿನ ಒಂದು N ಅಳಿಸಿ ನೋಡಿದರೆ ನಿಯಮ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. N ಮುಂದೆ ಗೊತ್ತಿಲ್ಲದೆ ಒಂದು ಸ್ಪೇಸ್ ಬಿದ್ದರೆ ಆ ನರ್ಸ್ ಲೆಕ್ಕಕ್ಕೇ ಸಿಗುವುದಿಲ್ಲ. ಡೇಟಾ ವ್ಯಾಲಿಡೇಶನ್‌ನಲ್ಲಿ ನಾಲ್ಕೇ ಅಕ್ಷರಗಳ ಡ್ರಾಪ್‌ಡೌನ್ ಕೊಟ್ಟು, ಕೈಯಲ್ಲಿ ಟೈಪ್ ಮಾಡುವುದನ್ನೇ ತಪ್ಪಿಸಿ.

ಇಬ್ಬರೂ ಹೊಸಬರಾದರೂ ರಾತ್ರಿಯ ಎಣಿಕೆ ಎರಡೇ. ಅದಕ್ಕೇ B ಕಂಬಸಾಲು. 18ನೇ ಸಾಲಿನಲ್ಲಿ ಇದನ್ನು ಹಾಕಿ, AH18ರಲ್ಲಿ 1 ಬರೆದು, ಕೆಂಪು ನಿಯಮವನ್ನು ಅಲ್ಲಿಗೂ ಹಿಗ್ಗಿಸಿ:

```
=COUNTIFS($B$4:$B$13,"S",C$4:C$13,"N")
```

ರಾತ್ರಿ ಪಾಳಿ ಮುಗಿಸಿದವರಿಗೇ ಮರುದಿನ ಬೆಳಿಗ್ಗೆ ಡ್ಯೂಟಿ ಬಿದ್ದರೆ ಎಣಿಕೆ ಏನೂ ಹೇಳದು. D4:AG13ಕ್ಕೆ ಬೇರೊಂದು ಬಣ್ಣದಲ್ಲಿ ಈ ನಿಯಮ ಬೇಕು:

```
=AND(C4="N",D4="M")
```

ಒಂದನೇ ತಾರೀಖಿಗೆ ಮಾತ್ರ ಇದು ತಾಗುವುದಿಲ್ಲ, ಹಿಂದಿನ ದಿನ ಹಳೆಯ ಹಾಳೆಯಲ್ಲಿರುತ್ತದೆ. ಕಳೆದ ತಿಂಗಳ ಕೊನೆಯ ರಾತ್ರಿ ಯಾರಿದ್ದರು ಎಂಬುದನ್ನು ಸಿಸ್ಟರ್ ತಾವೇ ನೋಡಿಕೊಳ್ಳಬೇಕು.