ಮೂರು ಅಂಗಡಿ, ಒಂದೇ ಕೈ

ಲೆಕ್ಕಪರಿಶೋಧನೆಗೆ ಬರುವ ವೋಚರ್ ಕಡತಗಳನ್ನು ಸಾಮಾನ್ಯವಾಗಿ ತಾರೀಕಿನ ಪ್ರಕಾರ ಜೋಡಿಸಿರುತ್ತಾರೆ. ಏಪ್ರಿಲ್‌ನ ಬಿಲ್ಲುಗಳ ಮೇಲೆ ಮೇ ತಿಂಗಳಿನವು, ಅದರ ಮೇಲೆ ಜೂನ್‌ನವು. ಒಂದು ಹಾರ್ಡ್‌ವೇರ್ ಬಿಲ್ಲಿಗೂ ಅದೇ ಕೈ ಬರೆದ ಇನ್ನೊಂದು ಬಿಲ್ಲಿಗೂ ನಡುವೆ ಹಾಲು, ತರಕಾರಿ, ಕರೆಂಟ್, ಡೀಸೆಲ್ ಎಂದು ನೂರಾರು ಹಾಳೆಗಳು ಬಂದುಹೋಗುತ್ತವೆ. ಒಂದೊಂದೇ ಹಾಳೆ ತಿರುವಿ ಮೊತ್ತ ಸರಿಯಿದೆಯೇ, ಸಹಿ ಇದೆಯೇ ಎಂದು ಗುರುತು ಹಾಕುತ್ತ ಹೋಗುವವರಿಗೆ ಕೈಬರಹ ಕಾಣುವುದೇ ಇಲ್ಲ. ಸುಳ್ಳು ಬಿಲ್ಲು ವರ್ಷಗಟ್ಟಲೆ ಬದುಕುವುದು ಈ ಜೋಡಣೆಯ ಆಸರೆಯಲ್ಲಿ.

ಅದು ಹೊರಬೀಳುವ ಬಗೆಯನ್ನು ಒಂದು ಕಥೆಯ ಮೂಲಕ ನೋಡೋಣ. ಇಲ್ಲಿನ ಶಾಲೆ, ಜನ, ಮೊತ್ತಗಳೆಲ್ಲ ಕಲ್ಪಿತ. ತನಿಖೆಯ ಹೆಜ್ಜೆಗಳು ಮಾತ್ರ ಲೆಕ್ಕಪರಿಶೋಧಕರು ನಿಜವಾಗಿ ಇಡುವಂಥವು.

ಟ್ರಸ್ಟ್ ಒಂದು ನಡೆಸುವ ವಸತಿ ಶಾಲೆ. ಸಿ.ಎ. ಓದುತ್ತ ಆರ್ಟಿಕಲ್‌ಶಿಪ್ ಮಾಡುತ್ತಿರುವ ಹುಡುಗಿಯೊಬ್ಬಳು ಅಲ್ಲಿನ ಲೆಕ್ಕ ನೋಡಲು ಬಂದಿದ್ದಾಳೆ. ಹಿಂದಿನ ವರ್ಷ 3,20,000 ರೂಪಾಯಿ ಇದ್ದ ದುರಸ್ತಿ ವೆಚ್ಚ ಈ ವರ್ಷ 6,10,000ಕ್ಕೆ ಏರಿದೆ. ಹೊಸ ಕಟ್ಟಡ ಬಂದಿಲ್ಲ, ಮಳೆಗಾಲದಲ್ಲಿ ದೊಡ್ಡ ಹಾನಿಯೂ ಆಗಿಲ್ಲ. ಆಕೆ ಕಡತವನ್ನು ತಾರೀಕಿನ ಪ್ರಕಾರ ತಿರುವುವುದನ್ನು ಬಿಟ್ಟು, ದುರಸ್ತಿ ಖಾತೆಗೆ ಸೇರಿದ ಬಿಲ್ಲುಗಳನ್ನಷ್ಟೇ ಹೊರತೆಗೆದು, ಅಂಗಡಿವಾರು ವಿಂಗಡಿಸಿ ಮೇಜಿನ ಮೇಲೆ ಹರಡಿದಳು.

ಮೂರು ಹೆಸರುಗಳು ಮತ್ತೆ ಮತ್ತೆ ಬಂದವು. ಹಾರ್ಡ್‌ವೇರ್ ಅಂಗಡಿಯ 14 ಬಿಲ್ಲು, ಪ್ಲಂಬರ್‌ನ 9, ಪೇಂಟರ್‌ನ 8. ಒಟ್ಟು 31 ಬಿಲ್ಲು, 2,97,600 ರೂಪಾಯಿ, ಎಲ್ಲವೂ ನಗದು ಪಾವತಿ. ಯಾವ ಬಿಲ್ಲೂ 9,000ಕ್ಕಿಂತ ಕಡಿಮೆಯಿಲ್ಲ, 10,000 ದಾಟಿಲ್ಲ.

ಈ ಗಡಿ ತಾನಾಗಿ ಬಂದದ್ದಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ದತ್ತಿ ಟ್ರಸ್ಟುಗಳಿಗೂ ಇದು ಅನ್ವಯಿಸುತ್ತದೆ. ಅನೇಕ ಸಂಸ್ಥೆಗಳು ಒಳಗಿನ ನಿಯಮವನ್ನೂ ಇದೇ ಅಂಕಿಗೆ ಕಟ್ಟಿಕೊಂಡಿರುತ್ತವೆ. ಈ ಶಾಲೆಯಲ್ಲೂ 10,000ದವರೆಗೆ ಮ್ಯಾನೇಜರ್ ಒಬ್ಬರ ಸಹಿ ಸಾಕು. ಅದನ್ನು ದಾಟಿದರೆ ಮೂರು ಕೊಟೇಶನ್ ತರಿಸಬೇಕು, ಕಾರ್ಯದರ್ಶಿ ಸಹಿ ಹಾಕಬೇಕು, ಚೆಕ್ ಕೊಡಬೇಕು. ಗಡಿಯ ಕೆಳಗೇ ಬಿಲ್ಲುಗಳು ಗುಂಪುಗೂಡಿದರೆ ಯಾರೋ ಆ ಗಡಿಯನ್ನು ನೋಡಿಕೊಂಡೇ ಬಿಲ್ಲು ಬರೆಯುತ್ತಿದ್ದಾರೆ ಎಂಬ ಅನುಮಾನ ಬರಲೇಬೇಕು.

ಬಿಲ್ಲುಗಳು ಅಕ್ಕಪಕ್ಕ ಕೂತಾಗ ಬರಹವೂ ಕಂಡಿತು. ಮೂರು ಅಂಗಡಿಯ ಬಿಲ್ಲುಗಳ ಬಣ್ಣ ಬೇರೆ, ಸೀಲು ಬೇರೆ. ಆದರೆ 4ರ ತಲೆ ಎಲ್ಲದರಲ್ಲೂ ತೆರೆದೇ ಇದೆ, 7ರ ನಡುವೆ ಅಡ್ಡಗೆರೆ ಇದೆ. ಮೊತ್ತವನ್ನು ಅಕ್ಷರದಲ್ಲಿ ಬರೆದು ಕೊನೆಗೆ ಹಾಕುವ ‘ಮಾತ್ರ’ದ ತ್ರ ಒತ್ತಿನ ಬಾಲ ಎಡಕ್ಕೆ ಓಡಿ ಇಡೀ ಪದಕ್ಕೆ ಅಡಿಗೆರೆ ಎಳೆದಂತಿದೆ. ಎಲ್ಲ ಬಿಲ್ಲೂ ಒಂಬತ್ತು ಸಾವಿರದ ಚಿಲ್ಲರೆಯದಾದ್ದರಿಂದ ‘ಒಂಬತ್ತು’ ಎಂಬ ಪದ ಎಲ್ಲದರಲ್ಲೂ ಇದೆ. 31ರಲ್ಲೂ ಅದು ‘ಒಂಭತ್ತು’ ಎಂದೇ ಇದೆ.

ಇಲ್ಲಿ ಅನುಭವಿಗಳು ಒಂದು ಭೇದ ಮಾಡುತ್ತಾರೆ. ‘ಒಂಭತ್ತು’ ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು, ಆದ್ದರಿಂದ ಅದರ ತೂಕ ಕಡಿಮೆ. 7ರ ಅಡ್ಡಗೆರೆಯೂ ಅಪರೂಪವಲ್ಲ. ಎಡಕ್ಕೆ ಓಡುವ ಆ ಬಾಲ ಮಾತ್ರ ಅಪರೂಪದ ರೂಢಿ, ಅದಕ್ಕೆ ತೂಕ ಹೆಚ್ಚು. ಬಿಡಿಬಿಡಿಯಾಗಿ ಎಲ್ಲೆಲ್ಲೂ ಸಿಗಬಹುದಾದ ಗುರುತುಗಳು ಒಟ್ಟೊಟ್ಟಿಗೆ, ಮತ್ತೆ ಮತ್ತೆ, ಮೂರು ಬೇರೆ ಅಂಗಡಿಗಳ ಹಾಳೆಯಲ್ಲಿ ಬಂದಾಗ ಅನುಮಾನ ಗಟ್ಟಿಯಾಗುತ್ತದೆ.

ಆಕೆ ತನ್ನ ಸೀನಿಯರ್ ಬಳಿ ಹೋದಳು. “ಸರ್, ಮೂರೂ ಒಬ್ಬರೇ ಬರೆದದ್ದು. ಮ್ಯಾನೇಜರ್ ಬರೆಯುವ ಕ್ಯಾಶ್ ಬುಕ್ಕಿನಲ್ಲೂ ಇದೇ ಅಕ್ಷರ ಇದೆ.”

“ಇರಬಹುದಮ್ಮ. ಆದರೆ ಕೈಬರಹ ಒಂದೇ ಅಂತ ತೀರ್ಪು ಕೊಡೋಕೆ ನೀನು ತಜ್ಞೆ ಅಲ್ಲ, ನಾನೂ ಅಲ್ಲ. ಬರಹ ಪಕ್ಕಕ್ಕಿಟ್ಟು, ಸಾಮಾನು ಬಂದಿದೆಯಾ, ಕೆಲಸ ಆಗಿದೆಯಾ, ದುಡ್ಡು ಯಾರಿಗೆ ಹೋಯ್ತು, ಅದನ್ನು ನೋಡು. ಮ್ಯಾನೇಜರ್ ಹತ್ತಿರ ಸದ್ಯಕ್ಕೆ ಏನೂ ಕೇಳಬೇಡ.”

ಈ ಮಾತಿಗೆ ಕಾರಣವಿದೆ. ಬರೆಯಲು ಬಾರದ ಪೇಂಟರ್, ಗಾರೆ ಕೆಲಸದವರು, ಮರಳು ತರುವವರು “ನೀವೇ ಬರ್ಕೊಳಿ ಸ್ವಾಮಿ” ಎಂದು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ಹೋಗುವುದು ನಮ್ಮ ಊರುಗಳಲ್ಲಿ ದಿನನಿತ್ಯದ ಮಾತು. ಆಗ ಬಿಲ್ಲನ್ನು ತುಂಬುವವರು ಕಚೇರಿಯವರೇ. ಅಲ್ಲಿ ಬರಹ ಒಂದೇ ಆಗಿರುತ್ತದೆ, ಕೆಲಸವೂ ನಿಜವಾಗಿಯೇ ಆಗಿರುತ್ತದೆ. ಬಿಲ್ಲು ಬರೆದವರು ಯಾರು ಎಂಬುದು ಒಂದು ಪ್ರಶ್ನೆ, ಬಿಲ್ಲು ಹೇಳುವುದು ನಿಜವೇ ಎಂಬುದು ಬೇರೆ ಪ್ರಶ್ನೆ. ಇವೆರಡನ್ನು ಕಲಸಿಕೊಂಡರೆ ಅಮಾಯಕರ ಮೇಲೆ ಅಪವಾದ ಬರುತ್ತದೆ.

ಆಕೆ ಮೊದಲು ನೋಡಿದ್ದು ಬಿಲ್ ನಂಬರುಗಳನ್ನು. ಪ್ಲಂಬರ್‌ನ ಒಂಬತ್ತು ಬಿಲ್ಲುಗಳು ಜೂನ್‌ನಿಂದ ಫೆಬ್ರುವರಿವರೆಗೆ ಹರಡಿವೆ, ನಂಬರು ಮಾತ್ರ 12ರಿಂದ 20ರವರೆಗೆ ಸಾಲಾಗಿವೆ. ಅಂದರೆ ಒಂಬತ್ತು ತಿಂಗಳಲ್ಲಿ ಆತ ಈ ಶಾಲೆಗಲ್ಲದೆ ಬೇರೆ ಯಾರಿಗೂ ಒಂದು ಬಿಲ್ಲು ಕೊಟ್ಟಿಲ್ಲ. ಹಾರ್ಡ್‌ವೇರ್ ಅಂಗಡಿಯದು ಇನ್ನೂ ವಿಚಿತ್ರ: ಆಗಸ್ಟ್‌ನ ಬಿಲ್ಲಿಗೆ 47, ಅಕ್ಟೋಬರ್‌ನದಕ್ಕೆ 43. ದಿನದಿನದ ವ್ಯಾಪಾರದಲ್ಲಿ ಒಂದೇ ಬಿಲ್ ಪುಸ್ತಕದ ನಂಬರು ಹಿಂದಕ್ಕೆ ಓಡುವುದಿಲ್ಲ. ಯಾರೋ ಕೂತು, ಬೇಕಾದ ತಾರೀಕು ಹಾಕಿ ಒಟ್ಟಿಗೆ ಬರೆದಾಗ ಹೀಗಾಗುತ್ತದೆ. ಖಾಲಿ ಬಿಲ್ ಪುಸ್ತಕ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಸೀಲು ಮಾಡಿಸುವುದೂ ಕಷ್ಟವಲ್ಲ. ಕಷ್ಟವಾಗುವುದು ನಂಬರಿನ ಕ್ರಮವನ್ನು ಕಾಯ್ದುಕೊಳ್ಳುವುದು.

ಎರಡನೆಯದು ಅಂಗಡಿಯ ಗುರುತು. ಹಾರ್ಡ್‌ವೇರ್ ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರು ಇರಲಿಲ್ಲ. ಅದೊಂದೇ ತಪ್ಪಲ್ಲ, ಚಿಕ್ಕ ವ್ಯಾಪಾರಿಗಳು ನೋಂದಣಿ ಮಾಡಿಸಲೇಬೇಕೆಂದಿಲ್ಲ. ಆದರೆ ಅದೇ ಹೆಸರಿನ ಅಂಗಡಿ ಪೇಟೆಯಲ್ಲಿ ನಿಜವಾಗಿ ಇದೆ, ಅದರ ಬೋರ್ಡಿನ ಮೇಲೆ ಜಿಎಸ್‌ಟಿ ನಂಬರು ಇದೆ. ಆ ನಂಬರಿನಲ್ಲಿ 15 ಅಕ್ಷರಾಂಕಗಳು. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಮಾಲೀಕರ ಪ್ಯಾನ್. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿದರೆ ಯಾರಿಗಾದರೂ ನೋಂದಾಯಿತ ಹೆಸರು ಸಿಗುತ್ತದೆ. ಲೆಕ್ಕಪರಿಶೋಧಕರ ಕಚೇರಿಯಿಂದ ಹೋದ ಪತ್ರಕ್ಕೆ ಅಂಗಡಿಯವರು ಉತ್ತರ ಬರೆದರು: ಈ ಬಿಲ್ಲುಗಳು ನಮ್ಮವಲ್ಲ, ನಾವು ಕೊಡುವುದು ಕಂಪ್ಯೂಟರ್ ಬಿಲ್ಲು. ಪ್ಲಂಬರ್‌ನ ವಿಳಾಸಕ್ಕೆ ಕಳಿಸಿದ ಪತ್ರ ಹಾಗೇ ವಾಪಸು ಬಂತು. ಅವನ ಕೆಲಸ ನಡೆದದ್ದಕ್ಕೆ ವಾರ್ಡನ್ ಬಳಿಯೂ ಯಾವ ದಾಖಲೆ ಇರಲಿಲ್ಲ.

ಮೂರನೆಯದು, ಗೋಡೆಯನ್ನೇ ಅಳೆಯುವುದು. ಪೇಂಟರ್‌ನ ಪ್ರತಿ ಬಿಲ್ಲಿನಲ್ಲೂ 20 ಲೀಟರಿನ ಒಂದು ಬಕೆಟ್ ಎಮಲ್ಷನ್ ಮತ್ತು ಕೂಲಿ ಎಂದಿದೆ. ಎಂಟು ಬಿಲ್ಲಿಗೆ 160 ಲೀಟರ್. ಹಳೆಯ ಗೋಡೆಗೆ ಎರಡು ಕೋಟ್ ಹೊಡೆದರೆ ಒಂದು ಲೀಟರ್ ಸುಮಾರು 60 ಚದರ ಅಡಿಗೆ ಬರುತ್ತದೆ ಎಂದು ಹಿಡಿದರೆ 9,600 ಚದರ ಅಡಿ ಆಗಬೇಕು. ಹಾಸ್ಟೆಲ್ಲಿನ ಒಂದು ಕೋಣೆ 12 ಅಡಿಗೆ 10 ಅಡಿ, ಎತ್ತರ 10 ಅಡಿ. ಬಾಗಿಲು ಕಿಟಕಿ ಕಳೆದರೆ ಗೋಡೆ ಹೆಚ್ಚುಕಡಿಮೆ 400 ಚದರ ಅಡಿ. ಬಿಲ್ಲಿನ ಪ್ರಕಾರ 24 ಕೋಣೆಗೆ ಬಣ್ಣ ಆಗಿರಬೇಕು. ವಾರ್ಡನ್ ಜೊತೆ ಸುತ್ತಿ ನೋಡಿದಾಗ ಹೊಸ ಬಣ್ಣ ಕಂಡದ್ದು ಎಂಟೇ ಕೋಣೆಗಳಲ್ಲಿ. ಅದಕ್ಕೆ ಮೂರು ಬಕೆಟ್ ಸಾಕು. ಗೇಟ್ ರಿಜಿಸ್ಟರಿನಲ್ಲೂ ಒಳಗೆ ಬಂದ ಬಕೆಟ್ ಮೂರೇ.

ಪೇಂಟರ್ ನಿಜವಾಗಿ ಇದ್ದಾನೆ, ಬರೆಯಲು ಬರುವುದಿಲ್ಲ, ಮೂರು ಸಲ ಹಣ ಪಡೆದದ್ದನ್ನು ಒಪ್ಪಿಕೊಂಡ. ಆ ಮೂರು ಬಿಲ್ಲುಗಳ ಬರಹವೂ ಉಳಿದವುಗಳಂತೆಯೇ ಇತ್ತು, ಆದರೆ ಅವು ಸಾಚಾ. ಬರಹ ಒಂದನ್ನೇ ನಂಬಿದ್ದರೆ ಅವನ ದುಡಿಮೆಯ ಹಣವೂ ಕಳ್ಳಲೆಕ್ಕಕ್ಕೆ ಸೇರಿಬಿಡುತ್ತಿತ್ತು. ಸುಳ್ಳು ಬಿಲ್ಲು ಸಾಮಾನ್ಯವಾಗಿ ಹೀಗೆ ನಿಜವಾದ ಕೆಲಸದ ಪಕ್ಕದಲ್ಲೇ ಹುಟ್ಟುತ್ತದೆ. ಯಾರಾದರೂ ಕೇಳಿದರೆ ತೋರಿಸಲು ಬಣ್ಣ ಹೊಡೆದ ಒಂದಿಷ್ಟು ಗೋಡೆಯಾದರೂ ಇರಲಿ ಎಂದು.

ಹೀಗೆ ಆಧಾರವಿಲ್ಲದೆ ಉಳಿದದ್ದು 28 ಬಿಲ್ಲು, 2,68,800 ರೂಪಾಯಿ. ಇದನ್ನು ಯಾರಿಗೆ ಹೇಳಬೇಕು ಎಂಬುದಕ್ಕೂ ಕ್ರಮವಿದೆ. ವಂಚನೆಗೆ ಸಂಬಂಧಿಸಿದ ಲೆಕ್ಕಪರಿಶೋಧನಾ ಮಾನದಂಡ 240ರ ಪ್ರಕಾರ, ಅನುಮಾನ ಯಾರ ಸುತ್ತ ಇದೆಯೋ ಅವರಿಗಿಂತ ಮೇಲಿನವರಿಗೆ, ತಡಮಾಡದೆ ತಿಳಿಸಬೇಕು. ಇಲ್ಲಿ ಅನುಮಾನ ಮ್ಯಾನೇಜರ್ ಕಡೆಗಿರುವುದರಿಂದ ಸೀನಿಯರ್ ಕಾರ್ಯದರ್ಶಿಗೂ ಟ್ರಸ್ಟಿಗಳಿಗೂ ಬರೆದರು. ಮೂಲ ಬಿಲ್ಲುಗಳನ್ನು ಮ್ಯಾನೇಜರ್ ಕೈಯಿಂದ ತೆಗೆದು ಭದ್ರವಾಗಿಡಲು ಹೇಳಿದರು. ವರದಿಯಲ್ಲಿ ‘ಮ್ಯಾನೇಜರ್ ಬರೆದದ್ದು’ ಎಂಬ ಮಾತಿಲ್ಲ. ಮೂರು ಅಂಗಡಿಗಳ ಬಿಲ್ಲುಗಳ ಬರಹದಲ್ಲಿ ಹೋಲಿಕೆ ಕಂಡಿದೆ, ನಂಬರುಗಳ ಕ್ರಮ ತಪ್ಪಿದೆ, ಅಂಗಡಿಯವರು ನಿರಾಕರಿಸಿದ್ದಾರೆ, ಐದು ಬಕೆಟ್ ಬಣ್ಣಕ್ಕೆ ಗೇಟಿನಲ್ಲೂ ಗೋಡೆಯಲ್ಲೂ ಗುರುತಿಲ್ಲ, ಇಷ್ಟೇ ಇದೆ.

ಬರೆದವರು ಯಾರೆಂದು ತೀರ್ಮಾನಿಸುವ ಹಾದಿಯೇ ಬೇರೆ. ಟ್ರಸ್ಟ್ ದೂರು ಕೊಟ್ಟು ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಮೂಲ ಬಿಲ್ಲುಗಳನ್ನೂ ಆ ವ್ಯಕ್ತಿಯದೇ ಎಂದು ಒಪ್ಪಿತವಾದ ಬರಹವನ್ನೂ ಕೈಬರಹ ತಜ್ಞರಿಗೆ ಕಳಿಸುತ್ತಾರೆ. ಪೆನ್ನಿನ ಒತ್ತಡ, ಗೆರೆ ಎಲ್ಲಿ ಶುರುವಾಗಿ ಎಲ್ಲಿ ನಿಂತಿತು ಎಂಬುದು ಜೆರಾಕ್ಸ್ ಪ್ರತಿಯಲ್ಲಿ ಸರಿಯಾಗಿ ಕಾಣುವುದಿಲ್ಲ, ಅದಕ್ಕಾಗಿಯೇ ಮೂಲ ಹಾಳೆ ಮುಖ್ಯ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ತಜ್ಞರ ಅಭಿಪ್ರಾಯಕ್ಕೆ ಜಾಗ ಕೊಟ್ಟಿದೆ. ಆದರೆ ಅದು ಅಭಿಪ್ರಾಯವೇ; ನ್ಯಾಯಾಲಯಗಳು ಅದಕ್ಕೆ ಬೇರೆ ಸಾಕ್ಷ್ಯದ ಬೆಂಬಲವನ್ನು ಹುಡುಕುತ್ತವೆ. ಆಗ ಕೆಲಸಕ್ಕೆ ಬರುವುದು ಆ ಹುಡುಗಿ ಕೂಡಿಹಾಕಿದ ಬಿಲ್ ನಂಬರು, ಅಂಗಡಿಯವರ ಪತ್ರ, ಗೋಡೆಯ ಅಳತೆ.

ಕೈಯಲ್ಲಿ ಬರೆದ ಬಿಲ್ಲು ಈಗ ಕಡಿಮೆಯಾಗುತ್ತಿದೆ, ಹಾಗೆಂದು ಈ ವಿದ್ಯೆ ಹಳತಾಗಿಲ್ಲ. ಮುದ್ರಿತ ಬಿಲ್ಲುಗಳಲ್ಲಿ ಬರಹದ ಬದಲು ಬೇರೆ ಹೋಲಿಕೆ ಹುಡುಕಬೇಕು: ಎರಡು ಅಂಗಡಿಗಳಿಗೆ ಒಂದೇ ಫೋನ್ ನಂಬರು, ಒಂದೇ ಬ್ಯಾಂಕ್ ಖಾತೆ, ಜಿಎಸ್‌ಟಿ ನಂಬರಿನೊಳಗೆ ಒಂದೇ ಪ್ಯಾನ್, ಒಂದೇ ಪದದಲ್ಲಿ ಒಂದೇ ಕಾಗುಣಿತದ ತಪ್ಪು.

ಟ್ರಸ್ಟಿಗಳು ಮೊದಲು ಬದಲಿಸಿದ್ದು ಕೆಲಸದ ಹಂಚಿಕೆಯನ್ನು. ಅಲ್ಲಿಯವರೆಗೆ ಸಾಮಾನು ತರಿಸುವವರು, ಬಂತೆಂದು ಬರೆದುಕೊಳ್ಳುವವರು, ಹಣ ಕೊಡುವವರು ಮೂವರೂ ಮ್ಯಾನೇಜರ್ ಒಬ್ಬರೇ ಆಗಿದ್ದರು. ಈಗ ಸಾಮಾನು ಬಂದದ್ದಕ್ಕೆ ವಾರ್ಡನ್ ಸಹಿ, ಪಾವತಿ ಅಂಗಡಿಯವರ ಬ್ಯಾಂಕ್ ಖಾತೆಗೆ ನೇರ. ಲೆಕ್ಕ ನೋಡಲು ವರ್ಷಕ್ಕೊಮ್ಮೆ ಬರುವವರ ಕಣ್ಣಿಗೆ ಎಲ್ಲವೂ ಬೀಳುತ್ತದೆ ಎಂಬ ಭರವಸೆಯಿಲ್ಲ. ದಿನವೂ ಅಲ್ಲೇ ಇರುವ ಎರಡನೆಯ ಒಬ್ಬರು ಸಾಮಾನನ್ನು ಕಣ್ಣಾರೆ ಕಂಡು ಸಹಿ ಹಾಕಬೇಕಾದ ಕಡೆ, ಬಾರದ ಬಕೆಟ್ಟಿಗೆ ಬಿಲ್ಲು ಬರೆಯಲು ಇನ್ನೊಬ್ಬರನ್ನೂ ಒಪ್ಪಿಸಬೇಕಾಗುತ್ತದೆ.