ಅರ್ಜಿಯೇ ಮೊದಲ ಪರೀಕ್ಷೆ

‘ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...’ ಎಂದು ಶುರುವಾಗಿ ‘ಇಂತಿ ತಮ್ಮ ವಿಧೇಯ’ ಎಂದು ಮುಗಿಯುವ ಅರ್ಜಿಯನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡದವರು ಕಡಿಮೆ. ತಾಲ್ಲೂಕು ಕಚೇರಿಗೆ, ಬ್ಯಾಂಕಿಗೆ, ಕಾಲೇಜಿಗೆ ಆ ನಮೂನೆ ಇವತ್ತಿಗೂ ಸರಿಯಾದದ್ದೇ. ಅಲ್ಲಿ ಅರ್ಜಿ ಓದುವವರಿಗೆ ಬೇಕಾಗಿರುವುದು ವಿಷಯ, ದಿನಾಂಕ, ಸಹಿ. ಭಾಷೆಯನ್ನು ಯಾರೂ ತೂಗಿ ನೋಡುವುದಿಲ್ಲ.

ಜಾಹೀರಾತು ಏಜೆನ್ಸಿಯಲ್ಲಿ ಕಾಪಿರೈಟರ್ ಕೆಲಸಕ್ಕೆ ಬರೆಯುವ ಅರ್ಜಿಯ ಕಥೆ ಬೇರೆ. ಕಾಪಿರೈಟರ್ ಎಂದರೆ ಜಾಹೀರಾತಿನ ಮಾತುಗಳನ್ನು ಬರೆಯುವವರು: ಹೋರ್ಡಿಂಗ್ ಮೇಲಿನ ಸಾಲು, ರೇಡಿಯೊ ಸಂಭಾಷಣೆ, ಬಿಸ್ಕತ್ತಿನ ಪೊಟ್ಟಣದ ಹಿಂದಿನ ನಾಲ್ಕು ಮಾತು. ಅವರ ಅರ್ಜಿ ಬಂದಾಗ ಅದನ್ನು ಓದುವ ಕಾಪಿ ವಿಭಾಗದ ಮುಖ್ಯಸ್ಥರು ಮಾಹಿತಿಗಿಂತ ಮೊದಲು ಬರವಣಿಗೆಯನ್ನೇ ನೋಡುತ್ತಾರೆ. ಯಾವ ಪದ ಆರಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ, ಎಲ್ಲಿ ನಿಲ್ಲಿಸಿದ್ದಾರೆ ಎಂಬುದರಲ್ಲೇ ಅವರಿಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ‘ನಾನು ಚೆನ್ನಾಗಿ ಬರೆಯುತ್ತೇನೆ’ ಎಂಬ ವಾಕ್ಯಕ್ಕೆ ಇಲ್ಲಿ ಬೆಲೆಯಿಲ್ಲ. ಆ ವಾಕ್ಯ ಚೆನ್ನಾಗಿದೆಯೋ ಇಲ್ಲವೋ ಕಣ್ಣೆದುರಿಗೇ ಇರುತ್ತದಲ್ಲ.

ಇಂಥ ಅರ್ಜಿಗಳಲ್ಲಿ ಬಹಳ ಹೆಸರು ಮಾಡಿದ್ದು ಅಮೆರಿಕದ ರಾಬರ್ಟ್ ಪಿರೋಷ್ ಬರೆದದ್ದು. ನ್ಯೂಯಾರ್ಕಿನಲ್ಲಿ ಕಾಪಿರೈಟರ್ ಆಗಿದ್ದ ಅವರು 1934ರಲ್ಲಿ ಕೆಲಸ ಬಿಟ್ಟು ಚಿತ್ರಕಥೆ ಬರೆಯುವ ಆಸೆಯಿಂದ ಹಾಲಿವುಡ್‌ಗೆ ಹೋದರು. ಅಲ್ಲಿನ ನಿರ್ದೇಶಕರಿಗೆ, ನಿರ್ಮಾಪಕರಿಗೆ ಒಂದು ಪತ್ರ ಕಳಿಸಿದರು. ತಾನು ಪದಗಳನ್ನು ಪ್ರೀತಿಸುವವನು ಎಂದು ಹೇಳಿ, ಎಂಥೆಂಥ ಪದಗಳು ತನಗಿಷ್ಟ ಎಂಬುದನ್ನು ಅವುಗಳ ಸದ್ದು, ಸ್ವಭಾವ ನೋಡಿ ಗುಂಪು ಗುಂಪಾಗಿ ಜೋಡಿಸಿ ತೋರಿಸಿದ ಪತ್ರ ಅದು. ತನ್ನ ಪ್ರತಿಭೆಯ ಬಗ್ಗೆ ವಿಶೇಷಣ ಪೇರಿಸುವ ಗೋಜಿಗೇ ಅವರು ಹೋಗಲಿಲ್ಲ. ಎಂಜಿಎಂ ಸ್ಟುಡಿಯೊದಲ್ಲಿ ಕಿರಿಯ ಬರಹಗಾರನ ಕೆಲಸ ಸಿಕ್ಕಿತು. 1949ರ ‘ಬ್ಯಾಟಲ್‌ಗ್ರೌಂಡ್’ ಚಿತ್ರದ ಬರವಣಿಗೆಗೆ ಮುಂದೆ ಅವರಿಗೆ ಆಸ್ಕರ್ ಕೂಡ ಬಂತು. ಆ ಪತ್ರವನ್ನೇ ಅನುಕರಿಸಿ ‘ನನಗೆ ಪದಗಳೆಂದರೆ ಇಷ್ಟ’ ಎಂದು ಈಗ ಬರೆದರೆ ಕೆಲಸವಾಗದು. ಕಲಿಯಬೇಕಾದದ್ದು ಅವರ ಸಾಲನ್ನಲ್ಲ. ಹೇಳಬೇಕಾದದ್ದನ್ನು ಅವರು ಮಾಡಿಯೇ ತೋರಿಸಿದ ರೀತಿಯನ್ನು.

ಕನ್ನಡದಲ್ಲಿ ಅದು ಹೇಗಿರಬಹುದು? ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದಾವಣಗೆರೆಯ ಹುಡುಗಿಯೊಬ್ಬಳು ಬೆಂಗಳೂರಿನ ಏಜೆನ್ಸಿಯೊಂದಕ್ಕೆ ಕನ್ನಡ ಕಾಪಿರೈಟರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಮೊದಲ ಕರಡು ಹೀಗಿದೆ:

‘ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕಾಪಿರೈಟರ್ ಹುದ್ದೆ ಖಾಲಿ ಇರುವ ವಿಷಯ ತಿಳಿದು ಬಹಳ ಸಂತೋಷವಾಯಿತು. ನಾನು ಸೃಜನಶೀಲ ಮನೋಭಾವದ, ಕಠಿಣ ಪರಿಶ್ರಮದಲ್ಲಿ ನಂಬಿಕೆಯುಳ್ಳ, ಭಾಷೆಯ ಬಗ್ಗೆ ಅಪಾರ ಒಲವುಳ್ಳ ಯುವತಿ. ನನಗೊಂದು ಅವಕಾಶ ಕೊಟ್ಟಲ್ಲಿ ಸಂಸ್ಥೆಯ ಏಳಿಗೆಗಾಗಿ ಶ್ರಮಿಸುತ್ತೇನೆ.’

ವ್ಯಾಕರಣದ ತಪ್ಪಿಲ್ಲ, ಕಾಗುಣಿತ ಸರಿಯಿದೆ. ಆದರೆ ‘ಕಾಪಿರೈಟರ್’ ಇರುವ ಕಡೆ ‘ಲೆಕ್ಕಿಗ’ ಎಂದು ಹಾಕಿ, ‘ಭಾಷೆ’ ಎಂಬಲ್ಲಿ ‘ಅಂಕಿ’ ಎಂದು ಬದಲಿಸಿದರೆ ಅದೇ ಪತ್ರ ಇನ್ನೊಂದು ಕಚೇರಿಗೂ ನಡೆಯುತ್ತದೆ. ಒಬ್ಬರ ಅರ್ಜಿಯ ತಲೆಬರಹ ಬದಲಿಸಿ ಇನ್ನೊಬ್ಬರು ಕಳಿಸಬಹುದು ಎಂದಾದರೆ ಅದರಲ್ಲಿ ಬರೆದವರೇ ಇಲ್ಲ ಎಂದರ್ಥ. ಕರಡು ಮುಗಿದ ಮೇಲೆ ಹೀಗೆ ಹುದ್ದೆಯ ಹೆಸರು ಬದಲಿಸಿ ಓದಿ ನೋಡುವುದು ಒಳ್ಳೆಯ ತಪಾಸಣೆ.

ಇದು ಸಪ್ಪೆಯಾಯಿತು ಎನ್ನಿಸಿದಾಗ ಹೆಚ್ಚಿನವರು ತಿರುಗುವುದು ಇನ್ನೊಂದು ತುದಿಗೆ. ‘ಎಚ್ಚರಿಕೆ! ಈ ಪತ್ರ ಓದಿದ ಮೇಲೆ ನನ್ನನ್ನು ಕೆಲಸಕ್ಕೆ ಸೇರಿಸಿಕೊಳ್ಳದೆ ನಿಮಗೆ ಬೇರೆ ದಾರಿಯಿಲ್ಲ’ ಎಂಬಂಥ ಸಾಲು. ಇಲ್ಲವೇ ಪ್ರಾಸ: ‘ನನ್ನ ಮಾತು, ನಿಮ್ಮ ಮಾರುಕಟ್ಟೆಗೆ ಮುತ್ತು.’ ತನ್ನನ್ನೇ ಸೋಪಿನ ಜಾಹೀರಾತಿನಂತೆ ಬರೆದು ‘ಒಮ್ಮೆ ಬಳಸಿ ನೋಡಿ’ ಎನ್ನುವವರೂ ಉಂಟು. ಇವೆಲ್ಲ ಸದ್ದು ಮಾಡುತ್ತವೆ, ಆದರೆ ಓದುವವರ ಬಗ್ಗೆ ಯೋಚಿಸಿರುವುದಿಲ್ಲ. ನನ್ನ ಮಟ್ಟಿಗೆ ಸಪ್ಪೆ ಪತ್ರಕ್ಕಿಂತ ಇದೇ ಹೆಚ್ಚಿನ ತೊಂದರೆಯದು. ಗಿರಾಕಿಯ ದುಡ್ಡಿನಲ್ಲೂ ಇವರು ಇದನ್ನೇ ಮಾಡಿಬಿಟ್ಟಾರು ಎಂಬ ಅಳುಕು ಓದುವವರಲ್ಲಿ ಹುಟ್ಟುತ್ತದೆ.

ಈಗ ಅದೇ ಹುಡುಗಿಯ ಮೂರನೆಯ ಕರಡು:

‘ನಮಸ್ಕಾರ. ನಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೋರ್ಡಿಂಗ್ ಇದೆ: “ಈಗ ಪಡೆಯಿರಿ ಎಲ್ಲಾ ಸೀರೆಗಳ ಮೇಲೆ 50% ವರೆಗೆ ರಿಯಾಯಿತಿ.” ಅದನ್ನು ಓದಿದ ನಮ್ಮಮ್ಮ, “ಸೀರೆ ಮೇಲೆ ಏನು ಕೊಡ್ತಾರಂತೆ?” ಅಂತ ಕೇಳಿದರು.

ಅಮ್ಮನಿಗೆ ತಿಳಿಯುವಂತೆ ಬರೆದು ನೋಡಿದೆ. ಮೊದಲು ಬಂದದ್ದು, “ಎಲ್ಲ ಸೀರೆ ಅರ್ಧ ಬೆಲೆಗೆ.” ಕಿವಿಗೆ ಚೆನ್ನಾಗಿತ್ತು. ಆದರೆ “ವರೆಗೆ” ಬಿಟ್ಟುಹೋಗಿ ಮಾತು ಸುಳ್ಳಾಗುತ್ತಿತ್ತು, ಹೊಡೆದುಹಾಕಿದೆ. ಆಮೇಲೆ ಹೀಗೆ ಬರೆದೆ: “ಎಲ್ಲ ಸೀರೆಗೂ ಬೆಲೆ ಇಳಿದಿದೆ. ಕೆಲವಕ್ಕಂತೂ ಅರ್ಧಕ್ಕರ್ಧ.”

ನೀವು ಮಾಡಿದ ಬಿತ್ತನೆ ಬೀಜದ ರೇಡಿಯೊ ಜಾಹೀರಾತಿನಲ್ಲಿ ಅಜ್ಜಿ ಧಾರವಾಡದ ಮಾತಾಡುತ್ತಾರೆ, ಮೊಮ್ಮಗ ಬೆಂಗಳೂರಿನ ಮಾತಾಡುತ್ತಾನೆ. ಇಬ್ಬರದನ್ನೂ ತಿದ್ದದೆ ಬಿಟ್ಟಿದ್ದೀರಿ. ಅಂಥ ಕಡೆ ಕೆಲಸ ಕಲಿಯಬೇಕೆಂದು ಈ ಅರ್ಜಿ.

ಎರಡು ವರ್ಷದಿಂದ ಇಲ್ಲಿನ ದಿನಪತ್ರಿಕೆಯೊಂದರಲ್ಲಿ ಅಂಗಡಿಗಳ ಜಾಹೀರಾತು ಬರೆಯುತ್ತಿದ್ದೇನೆ. ಐದನ್ನು ಲಗತ್ತಿಸಿದ್ದೇನೆ. ಕಾಪಿ ಟೆಸ್ಟ್‌ಗೆ ಯಾವ ದಿನ ಕರೆದರೂ ಬರುತ್ತೇನೆ.’

ಇಲ್ಲಿ ‘ಸೃಜನಶೀಲ’ ಎಂಬ ಪದವಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಕನ್ನಡ ಕಾಪಿಯ ದೊಡ್ಡ ಕಷ್ಟ ಏನೆಂದು ಅವಳಿಗೆ ಗೊತ್ತಿದೆ ಎಂಬುದು ಮೊದಲ ಪ್ಯಾರಾದಲ್ಲೇ ತಿಳಿಯುತ್ತದೆ. ಎಷ್ಟೋ ಜಾಹೀರಾತುಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹುಟ್ಟಿ ಕನ್ನಡಕ್ಕೆ ಬರುತ್ತವೆ, ಬರುವಾಗ ಮೂಲದ ವಾಕ್ಯದ ಮೈಕಟ್ಟನ್ನೂ ಹೊತ್ತು ತರುತ್ತವೆ. ಕೊನೆಗೆ ಬರಬೇಕಾದ ಕ್ರಿಯಾಪದ ಮುಂದೆ ಬಂದು ಕೂರುತ್ತದೆ. ‘ಸೀರೆಗೆ’ ಎನ್ನಬೇಕಾದಲ್ಲಿ ‘ಸೀರೆಗಳ ಮೇಲೆ’ ಆಗುತ್ತದೆ. ಅವಳು ಇದನ್ನು ಪಾಠದಂತೆ ವಿವರಿಸದೆ ಅಮ್ಮನ ಒಂದು ಪ್ರಶ್ನೆಯಲ್ಲಿ ಮುಟ್ಟಿಸಿದ್ದಾಳೆ.

ಎರಡನೆಯ ಪ್ಯಾರಾ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಹೊಡೆದುಹಾಕಿದ ಸಾಲನ್ನೂ ಅವಳು ತೋರಿಸಿದ್ದಾಳೆ, ಏಕೆ ಹೊಡೆದಳೆಂದೂ ಹೇಳಿದ್ದಾಳೆ. ಜಾಹೀರಾತಿನಲ್ಲಿ ‘ವರೆಗೆ’ ಎಂಬುದು ಸಣ್ಣ ಮಾತಲ್ಲ. ಅದು ಬಿದ್ದುಹೋದರೆ ಅಂಗಡಿಯವರು ಕೊಡದೇ ಇರುವ ರಿಯಾಯಿತಿಯನ್ನು ಕೊಟ್ಟೆವೆಂದು ಹೇಳಿದಂತಾಗುತ್ತದೆ. ಗಿರಾಕಿ ಬಂದು ಜಗಳ ತೆಗೆಯುತ್ತಾರೆ. 1985ರಿಂದ ಇರುವ ಭಾರತೀಯ ಜಾಹೀರಾತು ಮಾನದಂಡ ಮಂಡಳಿಗೆ ದೂರು ಹೋಗಬಹುದು. ಗ್ರಾಹಕ ರಕ್ಷಣಾ ಕಾಯ್ದೆಯಲ್ಲೂ ದಾರಿ ತಪ್ಪಿಸುವ ಜಾಹೀರಾತಿಗೆ ದಂಡವಿದೆ. ಚೆಂದಕ್ಕಾಗಿ ಸತ್ಯವನ್ನು ಬಿಡುವವಳಲ್ಲ ಎಂಬ ಭರವಸೆ ಇಷ್ಟರಲ್ಲೇ ಸಿಗುತ್ತದೆ.

ಮೂರನೆಯ ಪ್ಯಾರಾ ಬರೆಯಲು ಅವಳು ಆ ಏಜೆನ್ಸಿಯ ಕೆಲಸವನ್ನು ನಿಜವಾಗಿ ಕೇಳಿರಬೇಕು. ‘ನಿಮ್ಮ ಕೆಲಸ ಅದ್ಭುತ’ ಎಂದರೆ ಯಾರೂ ನಂಬುವುದಿಲ್ಲ. ಅಜ್ಜಿಯ ಮಾತನ್ನು ತಿದ್ದದೆ ಬಿಟ್ಟದ್ದು ಬೇಕೆಂದೇ ಮಾಡಿದ್ದು ಎಂದು ಗುರುತಿಸಿದರೆ, ಅದನ್ನು ಮಾಡಿದವರಿಗೆ ಓದುಗರೊಬ್ಬರು ಸಿಕ್ಕಂತಾಗುತ್ತದೆ. ಇಡೀ ಪತ್ರ ಒಂದು ಪುಟದ ಅರ್ಧಕ್ಕೆ ಮುಗಿಯುತ್ತದೆ. ಓದು, ಅಂಕ, ವಿಳಾಸ ಎಲ್ಲ ರೆಸ್ಯೂಮೆಯಲ್ಲಿ ಇದ್ದೇ ಇರುವುದರಿಂದ ಇಲ್ಲಿ ಮತ್ತೆ ಬೇಡ.

ಕಳಿಸುವ ಮುನ್ನ ಗಟ್ಟಿಯಾಗಿ ಓದಬೇಕು. ನಾಲಿಗೆ ತಡವರಿಸಿದ ಕಡೆ ವಾಕ್ಯ ಉದ್ದವಾಗಿರುತ್ತದೆ. ಅಲ್ಪಪ್ರಾಣ, ಮಹಾಪ್ರಾಣದ ತಪ್ಪುಗಳನ್ನು ಇನ್ನೊಬ್ಬರ ಕಣ್ಣಿಗೆ ಕೊಟ್ಟು ಹಿಡಿಸಬೇಕು. ‘ಭರವಸೆ’ ಹೋಗಿ ‘ಬರವಸೆ’ ಆದ ಪತ್ರಕ್ಕೆ ಎಷ್ಟು ಒಳ್ಳೆಯ ಯೋಚನೆ ಇದ್ದರೂ ಕಷ್ಟ, ಏಕೆಂದರೆ ಅದೇ ತಪ್ಪು ನಾಳೆ ನಲವತ್ತು ಅಡಿಯ ಹೋರ್ಡಿಂಗ್ ಮೇಲೆ ಹೋಗುತ್ತದೆ.

ಇಷ್ಟೆಲ್ಲ ಮಾಡಿದ ಪತ್ರ ಕಳಿಸುವ ಹಂತದಲ್ಲಿ ಕೆಡುವುದೂ ಉಂಟು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದು ಪಿಡಿಎಫ್ ಮಾಡಿ ಕಳಿಸಿದರೆ ಈ ತೊಂದರೆಯಿಲ್ಲ. ಅರ್ಜಿ ಮೊದಲು ಕನ್ನಡ ಬಾರದ ಎಚ್‌ಆರ್ ಸಿಬ್ಬಂದಿಯ ಕೈಗೆ ಹೋಗುವಂತಿದ್ದರೆ ಇಮೇಲಿನಲ್ಲಿ ಎರಡು ಸಾಲು ಇಂಗ್ಲಿಷ್ ಬರೆದು, ಇದನ್ನು ಕನ್ನಡ ಕಾಪಿ ನೋಡುವವರಿಗೆ ತಲುಪಿಸಿ ಎಂದು ಕೇಳಿಕೊಳ್ಳಬೇಕು.

ಡಿಸೈನರ್ ಹುದ್ದೆಗಾದರೆ ಈ ಪಿಡಿಎಫ್ ಪುಟವೇ ಮಾದರಿ. ಅಲ್ಲಿ ಬಣ್ಣ, ಚಿತ್ರಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಒತ್ತಕ್ಷರ. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ಹಾಗಾಗಿ ಇಂಗ್ಲಿಷಿಗೆ ಸಾಕಾಗುವ ಸಾಲುಗಳ ನಡುವಿನ ಜಾಗ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ‘ಸ್ತ್ರೀ’ಯ ಒತ್ತು ಕೆಳಗಿನ ಸಾಲಿನ ‘ಕಿ’ಯ ಗುಡಿಸಿಗೆ ತಾಗಿತೆಂದರೆ ಈ ಡಿಸೈನರ್ ಕನ್ನಡ ಪುಟ ಕಟ್ಟಿಲ್ಲ ಎಂದು ಗೊತ್ತಾಗುತ್ತದೆ. ಇನ್‌ಡಿಸೈನ್‌ನಲ್ಲಿ Adobe World-Ready Paragraph Composer ಆರಿಸದೆ ಹೋದರೆ ‘ಅಕ್ಕ’ ಎಂಬುದು ‘ಅಕ್‌ಕ’ ಎಂದು ಒಡೆದು ಬರಬಹುದು. ಇಂಥ ಒಡಕನ್ನು ನೋಡದೆ ಕಳಿಸಿದ ಪುಟದಲ್ಲಿ ‘ಸೂಕ್ಷ್ಮತೆಗೆ ಒತ್ತು ಕೊಡುತ್ತೇನೆ’ ಎಂದು ಬರೆದಿದ್ದರೆ ಆ ಪುಟವೇ ಅದನ್ನು ಸುಳ್ಳು ಮಾಡುತ್ತದೆ. ಬಲೂ ತಮ್ಮದಂಥ ದಪ್ಪ ಅಕ್ಷರ ತಲೆಬರಹಕ್ಕೆ ಚೆಂದ. ಪತ್ರದ ಒಡಲಿಗೆ ನೋಟೊದಂಥ ಸರಳ ಫಾಂಟ್ ಸಾಕು.

ಇಂಥ ಪತ್ರದಿಂದ ಕೆಲಸವೇ ಸಿಗುವುದಿಲ್ಲ, ಸಿಗುವುದು ಕಾಪಿ ಟೆಸ್ಟ್. ಅಲ್ಲಿ ಒಂದು ಕಾಲ್ಪನಿಕ ಸರಕು ಕೊಟ್ಟು ಹೋರ್ಡಿಂಗ್ ಸಾಲು ಬರೆಸುತ್ತಾರೆ, ಇಂಗ್ಲಿಷ್ ಜಾಹೀರಾತೊಂದನ್ನು ಕನ್ನಡಕ್ಕೆ ತರಲು ಹೇಳುತ್ತಾರೆ. ಪತ್ರವನ್ನು ಅಣ್ಣನೋ ಗೆಳತಿಯೋ ಬರೆದುಕೊಟ್ಟಿದ್ದರೆ ಅದು ಇಲ್ಲಿ ಹೊರಬೀಳುತ್ತದೆ, ಏಕೆಂದರೆ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ಓದುತ್ತಾರೆ. ಆ ಹುಡುಗಿಯನ್ನು ಕರೆದರೆ ಅವಳ ಮುಂದೆ ಬರುವ ಮೊದಲ ಪ್ರಶ್ನೆ ಬಹುಶಃ ಸೀರೆಯದೇ: ಆ ಎರಡು ವಾಕ್ಯವನ್ನು ಓಡುವ ಬಸ್ಸಿನ ಬೆನ್ನಿಗೆ ಹಾಕಬೇಕು, ನಾಲ್ಕೇ ಪದದಲ್ಲಿ ಬರೆದುಕೊಡಮ್ಮ, ‘ವರೆಗೆ’ಯ ಅರ್ಥ ಉಳಿಯಬೇಕು.