ಉಚ್ಚಾರಣೆ ಬದಲಾಗುವಾಗ ಮುಂದಿರುವವರು ಯಾರು?

ಒಬ್ಬರೇ ಮನುಷ್ಯರ ಬಾಯಲ್ಲಿ ಒಮ್ಮೆ ‘ಹಾಲು’ ಬರುತ್ತದೆ, ಇನ್ನೊಮ್ಮೆ ‘ಆಲು’ ಬರುತ್ತದೆ. ಅರ್ಥ ಒಂದೇ, ಉಚ್ಚಾರಣೆ ಎರಡು. ಯಾರು, ಯಾರ ಮುಂದೆ, ಎಷ್ಟು ಸಲ ಯಾವುದನ್ನು ಬಳಸುತ್ತಾರೆಂದು ಎಣಿಸಿ ನೋಡುವುದು ಸಮಾಜಭಾಷಾವಿಜ್ಞಾನಿಗಳ ಕೆಲಸ. 1960ರ ದಶಕದಿಂದ ಅಮೆರಿಕ ಮತ್ತು ಯುರೋಪಿನ ಊರುಗಳಲ್ಲಿ ಹೀಗೆ ಎಣಿಸುತ್ತ ಬಂದವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು: ಒಂದು ಊರಿನ ಉಚ್ಚಾರಣೆ ಬದಲಾಗುತ್ತಿದ್ದರೆ, ಬಹುಪಾಲು ಸಂದರ್ಭಗಳಲ್ಲಿ ಹೆಂಗಸರು ಗಂಡಸರಿಗಿಂತ ಮುಂದಿರುತ್ತಾರೆ.

ಬದಲಾವಣೆ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಐವತ್ತು ವರ್ಷ ಕಾದು ಕೂರಲಾಗದು. ಹಾಗಾಗಿ ಒಂದೇ ಬೀದಿಯ ಎಪ್ಪತ್ತರ ಅಜ್ಜಿ, ನಲವತ್ತರ ಮಗಳು, ಹದಿನೇಳರ ಮೊಮ್ಮಗಳನ್ನು ಮಾತಾಡಿಸಿ ಧ್ವನಿಮುದ್ರಿಸುತ್ತಾರೆ. ಒಂದು ಸ್ವರ ವಯಸ್ಸು ಇಳಿದಂತೆ ಒಂದೇ ದಿಕ್ಕಿಗೆ ಜರುಗುತ್ತಿದ್ದರೆ ಅಲ್ಲಿ ಬದಲಾವಣೆ ನಡೆದಿದೆ ಎಂದು ಊಹಿಸುತ್ತಾರೆ. ಸ್ವರದೊಳಗಿನ ಕಂಪನಗಳನ್ನು ಯಂತ್ರದಲ್ಲಿ ಅಳೆದು, ನಾಲಿಗೆ ಎಷ್ಟು ಮೇಲಿತ್ತು, ಎಷ್ಟು ಹಿಂದಿತ್ತು ಎಂದು ಲೆಕ್ಕ ಹಾಕುತ್ತಾರೆ. ಇಲ್ಲೊಂದು ಎಚ್ಚರ ಬೇಕು. ಹೆಂಗಸರ ಗಂಟಲಿನಿಂದ ತುಟಿಯವರೆಗಿನ ಹಾದಿ ಸಾಮಾನ್ಯವಾಗಿ ಗಿಡ್ಡ, ಆದ್ದರಿಂದ ಅವರ ಅಂಕಿಗಳು ಸಹಜವಾಗಿಯೇ ಹೆಚ್ಚು ಬರುತ್ತವೆ. ಅದನ್ನು ಸರಿದೂಗಿಸದೆ ಹೋಲಿಸಿದರೆ, ದೇಹದ ಅಳತೆಯ ವ್ಯತ್ಯಾಸವೇ ಭಾಷೆಯ ವ್ಯತ್ಯಾಸವಾಗಿ ಕಾಣುತ್ತದೆ.

ಈ ಕ್ಷೇತ್ರದ ಹಿರಿಯ ವಿಲಿಯಂ ಲಬೋವ್ 1970ರ ದಶಕದಲ್ಲಿ ಫಿಲಡೆಲ್ಫಿಯಾ ನಗರದ ಮಾತನ್ನು ಅಳೆದರು. ಬದಲಾಗುತ್ತಿದ್ದ ಸ್ವರಗಳ ಪೈಕಿ ಹೆಚ್ಚಿನವುಗಳಲ್ಲಿ ಗಂಡಸರು ಹೆಂಗಸರಿಗಿಂತ ಸುಮಾರು ಒಂದು ತಲೆಮಾರು ಹಿಂದಿದ್ದರು. ವಿಚಿತ್ರವೆಂದರೆ ಇದೇ ಹೆಂಗಸರು ಬೇರೆ ವಿಷಯಗಳಲ್ಲಿ ಶಿಷ್ಟಭಾಷೆಗೆ ಹೆಚ್ಚು ನಿಷ್ಠರು. ಇಂಗ್ಲಿಷಿನಲ್ಲಿ ‘ವಾಕಿಂಗ್’ ಎನ್ನುವುದು ಶಿಷ್ಟ, ‘ವಾಕಿನ್’ ಎನ್ನುವುದು ಆಡುಮಾತು. ಇಂಥ ಕಡೆ ಶಿಷ್ಟರೂಪವನ್ನು ಬಿಡದೆ ಹಿಡಿದವರಲ್ಲಿ ಹೆಂಗಸರೇ ಜಾಸ್ತಿ. ಊರಿಗೆಲ್ಲ ಗೊತ್ತಿರುವ ನಿಯಮವನ್ನು ಪಾಲಿಸುವುದರಲ್ಲೂ ಹೆಂಗಸರೇ ಮುಂದೆ, ಯಾರೂ ಇನ್ನೂ ಗಮನಿಸದ ಹೊಸ ಉಚ್ಚಾರಣೆಯನ್ನು ತರುವುದರಲ್ಲೂ ಅವರೇ ಮುಂದೆ. ಲಬೋವ್ ಇದನ್ನು ಲಿಂಗದ ವಿರೋಧಾಭಾಸ ಎಂದು ಕರೆದರು.

ಅವರು ಕೊಟ್ಟ ವಿವರಣೆಗಳಲ್ಲಿ ಒಂದು ಸರಳವಾಗಿದೆ. ಮಕ್ಕಳು ಮಾತು ಕಲಿಯುವುದು ಹೆಚ್ಚಾಗಿ ಹೆಂಗಸರಿಂದ. ಹೆಂಗಸರಲ್ಲಿ ಮೊಳೆತ ಉಚ್ಚಾರಣೆ ಹುಡುಗ ಹುಡುಗಿ ಎನ್ನದೆ ಎಲ್ಲ ಮಕ್ಕಳಿಗೂ ದಾಟುತ್ತದೆ, ಗಂಡಸರಲ್ಲಿ ಮೊಳೆತದ್ದಕ್ಕೆ ಆ ವೇಗ ಸಿಗುವುದಿಲ್ಲ. ಹೆಂಗಸರು ಮುಂದಿರುವ ಬದಲಾವಣೆಗಳೇ ಹೆಚ್ಚು ಉಳಿದು ಬೆಳೆಯಲು ಇದು ಕಾರಣವಿರಬಹುದು. ಆದರೆ ಮೊದಲ ಹೆಜ್ಜೆಯನ್ನು ಅವರು ಯಾಕೆ ಇಟ್ಟರೆಂದು ಇದು ಹೇಳುವುದಿಲ್ಲ. ಗಂಡಸರು ಮುಂದಿದ್ದ ಉದಾಹರಣೆಯೂ ಇದೆ. 1960ರ ದಶಕದ ಆರಂಭದಲ್ಲಿ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದಲ್ಲಿ ಲಬೋವ್ ಅವರೇ ಮಾಡಿದ ಮೊದಲ ಅಧ್ಯಯನದಲ್ಲಿ ಬದಲಾವಣೆಯ ಮುಂಚೂಣಿಯಲ್ಲಿದ್ದವರು ಮೀನುಗಾರ ಗಂಡಸರು.

ಟೀಕೆಗಳು ಬಂದದ್ದು ಇಲ್ಲಿಂದ ಮುಂದೆ. 1980ರ ದಶಕದಲ್ಲಿ ಡೆಬೊರಾ ಕ್ಯಾಮರೂನ್ ಮತ್ತು ಜೆನಿಫರ್ ಕೋಟ್ಸ್ ಕೇಳಿದ ಪ್ರಶ್ನೆ ಅಳತೆಯ ಬುಡಕ್ಕೇ ತಾಗುವಂಥದ್ದು. ಹಳೆಯ ಸಮೀಕ್ಷೆಗಳು ಹೆಂಗಸಿನ ವರ್ಗವನ್ನು ಗಂಡನ ಅಥವಾ ಅಪ್ಪನ ಉದ್ಯೋಗದಿಂದ ನಿರ್ಧರಿಸುತ್ತಿದ್ದವು. ಕಾರ್ಖಾನೆಯ ಕೆಲಸಗಾರನ ಹೆಂಡತಿ ತಾನು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರೂ ಪಟ್ಟಿಯಲ್ಲಿ ಕಾರ್ಮಿಕ ವರ್ಗಕ್ಕೆ ಸೇರುತ್ತಿದ್ದಳು. ಆಮೇಲೆ ಅವಳ ಮಾತು ‘ತನ್ನ ವರ್ಗದ’ ಗಂಡಸರಿಗಿಂತ ಶಿಷ್ಟವಾಗಿದೆ, ಹೆಂಗಸರಿಗೆ ಅಂತಸ್ತಿನ ಚಿಂತೆ ಹೆಚ್ಚು ಎಂದು ತೀರ್ಮಾನಿಸುತ್ತಿದ್ದರು. ಅವಳನ್ನು ಅವಳದೇ ಕೆಲಸದ ಲೆಕ್ಕದಲ್ಲಿ ಇಟ್ಟಿದ್ದರೆ ಆ ವ್ಯತ್ಯಾಸದ ಒಂದು ಪಾಲು ಕರಗುತ್ತಿತ್ತು. ದಕ್ಷಿಣ ಕೆರೊಲಿನಾದ ಕಪ್ಪು ಜನರ ನಡುವೆ ಪೆಟ್ರೀಶಿಯಾ ನಿಕೋಲ್ಸ್ ಕಂಡದ್ದೂ ಇದನ್ನೇ. ಅಂಗಡಿ, ಶಾಲೆ, ಅಂಚೆಯ ಕೆಲಸ ಹಿಡಿದ ಕಿರಿಯ ಹೆಂಗಸರ ಮಾತು ಶಿಷ್ಟ ಇಂಗ್ಲಿಷಿನತ್ತ ವಾಲಿತ್ತು. ಹೊಲದ ಮತ್ತು ಮನೆಗೆಲಸದ ಕೂಲಿಯನ್ನೇ ಮಾಡುತ್ತ ಬಂದ ವಯಸ್ಸಾದ ಹೆಂಗಸರು ಗಂಡಸರಿಗಿಂತ ಹೆಚ್ಚಾಗಿ ಹಳೆಯ ಗುಲ್ಲಾ ಮಾತಿನ ರೂಪಗಳನ್ನು ಉಳಿಸಿಕೊಂಡಿದ್ದರು. ಇಬ್ಬರೂ ಹೆಂಗಸರೇ. ಬೇರೆಯಾಗಿದ್ದದ್ದು ಅವರಿಗೆ ಸಿಕ್ಕ ಕೆಲಸ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಆಳವಾದ ಉತ್ತರ ಪೆನೆಲಪಿ ಎಕರ್ಟ್ ಅವರದು. 1980ರ ದಶಕದ ಮೊದಲ ವರ್ಷಗಳಲ್ಲಿ ಅವರು ಡೆಟ್ರಾಯಿಟ್ ನಗರದ ಹೊರವಲಯದ ಒಂದು ಹೈಸ್ಕೂಲಿನಲ್ಲಿ ಕಾಲ ಕಳೆದರು. ಬರಹದಲ್ಲಿ ಅದಕ್ಕೆ ಬೆಲ್ಟನ್ ಹೈ ಎಂಬ ಬೇರೆ ಹೆಸರು ಕೊಟ್ಟರು. ತರಗತಿಯ ಹೊರಗೆ, ಕಾರಿಡಾರಿನಲ್ಲಿ, ಅಂಗಳದಲ್ಲಿ ಮಕ್ಕಳೊಂದಿಗೆ ಹರಟಿ ಅವರ ಲೋಕವನ್ನು ಅರಿತರು. ಅಲ್ಲಿ ಎರಡು ಗುಂಪುಗಳಿದ್ದವು. ಶಾಲೆಯ ಆಟ, ವಿದ್ಯಾರ್ಥಿ ಸಂಘ ಎಂದು ಓಡಾಡುತ್ತ ಕಾಲೇಜಿಗೆ ಹೋಗಲು ಸಿದ್ಧವಾಗುತ್ತಿದ್ದವರು ‘ಜಾಕ್’ಗಳು. ಶಾಲೆಯ ಚಟುವಟಿಕೆಗಳಿಗೆ ಬೆನ್ನು ತಿರುಗಿಸಿ, ಊರೊಳಗಿನ ಗೆಳೆತನ ಮತ್ತು ದುಡಿಮೆಯತ್ತ ಮುಖ ಮಾಡಿದವರು ‘ಬರ್ನ್‌ಔಟ್’ಗಳು. ಜೀನ್ಸಿನ ಕಾಲಗಲದಿಂದಲೇ ಅವರನ್ನು ಗುರುತಿಸಬಹುದಿತ್ತು: ಬರ್ನ್‌ಔಟ್‌ಗಳದ್ದು ಅಗಲ, ಜಾಕ್‌ಗಳದ್ದು ಕಿರಿದು. ಇವೆರಡರ ನಡುವೆ ಇನ್ನೂ ಬಹಳ ಮಂದಿ ಇದ್ದರು.

ಆ ಪ್ರದೇಶದ ಸ್ವರಗಳು ಆಗ ಒಂದರ ಹಿಂದೊಂದು ಜರುಗುತ್ತಿದ್ದವು. ‘ಬ್ಯಾಡ್’ ಎಂಬುದು ‘ಬೆಯಡ್’ನತ್ತ ಏರುತ್ತಿತ್ತು. ಇದು ಹಳೆಯ ಬದಲಾವಣೆ, ಇದರಲ್ಲಿ ಎರಡೂ ಗುಂಪಿನ ಹುಡುಗಿಯರು ಹುಡುಗರಿಗಿಂತ ಮುಂದಿದ್ದರು. ಅದಕ್ಕಿಂತ ಹೊಸದು ‘ಬಸ್’ನ ಸ್ವರ ಹಿಂದೆ ಸರಿದು ‘ಬಾಸ್’ಗೆ ಹತ್ತಿರವಾಗುತ್ತಿದ್ದದ್ದು. ಇದು ನಗರದಿಂದ ಬರುತ್ತಿದ್ದ ದನಿ, ಇಲ್ಲಿ ಮುಂದಿದ್ದವರು ಬರ್ನ್‌ಔಟ್‌ಗಳು. ಹುಡುಗಿ, ಹುಡುಗ ಎಂಬ ಭೇದ ಇಲ್ಲಿ ಹಿಂದೆ ಸರಿದಿತ್ತು. ಗುಂಪುಗಳ ನಡುವಿನ ಅಂತರ ಮಾತ್ರ ಹುಡುಗರಲ್ಲಿ ಕಿರಿದಾಗಿತ್ತು, ಹುಡುಗಿಯರಲ್ಲಿ ದೊಡ್ಡದಾಗಿತ್ತು. ನಗರದ ದನಿಯಲ್ಲಿ ಎಲ್ಲರಿಗಿಂತ ಮುಂದಿದ್ದವರು ಬರ್ನ್‌ಔಟ್ ಹುಡುಗಿಯರು, ಎಲ್ಲರಿಗಿಂತ ಸಂಪ್ರದಾಯಸ್ಥರು ಜಾಕ್ ಹುಡುಗಿಯರು.

ಇದನ್ನು ಸರಾಸರಿ ಹೇಗೆ ಮುಚ್ಚಿಬಿಡುತ್ತದೆ ನೋಡಿ. ಎಕರ್ಟರ ಅಂಕಿಗಳಲ್ಲ, ಅರ್ಥವಾಗಲೆಂದು ನಾನು ಕಲ್ಪಿಸಿದ ಅಂಕಿಗಳು: ಹೊಸ ಉಚ್ಚಾರಣೆ ಜಾಕ್ ಹುಡುಗಿಯರಲ್ಲಿ ನೂರಕ್ಕೆ 10, ಬರ್ನ್‌ಔಟ್ ಹುಡುಗಿಯರಲ್ಲಿ 50, ಜಾಕ್ ಹುಡುಗರಲ್ಲಿ 25, ಬರ್ನ್‌ಔಟ್ ಹುಡುಗರಲ್ಲಿ 35 ಎಂದಿಟ್ಟುಕೊಳ್ಳೋಣ. ಗುಂಪುಗಳು ಸಮನಾಗಿದ್ದರೆ ಹುಡುಗಿಯರ ಸರಾಸರಿ 30, ಹುಡುಗರ ಸರಾಸರಿಯೂ 30. ಲಿಂಗಕ್ಕೂ ಈ ಸ್ವರಕ್ಕೂ ಸಂಬಂಧವಿಲ್ಲ ಎಂದು ಕೋಷ್ಟಕ ಹೇಳುತ್ತದೆ. ನಿಜದಲ್ಲಿ ಸಂಬಂಧ ಗಾಢವಾಗಿದೆ, ಆದರೆ ಅದು ‘ಹೆಂಗಸರು ಹೀಗೆ, ಗಂಡಸರು ಹಾಗೆ’ ಎಂಬ ಆಕಾರದಲ್ಲಿಲ್ಲ.

ಹುಡುಗಿಯರ ನಡುವೆ ಇಷ್ಟು ಅಂತರ ಯಾಕೆ? ಎಕರ್ಟ್ ಹೇಳುವುದು ಹೀಗೆ: ಹುಡುಗನಿಗೆ ತಾನು ಮಾಡುವ ಕೆಲಸದಿಂದ ಸ್ಥಾನ ಸಿಗುತ್ತದೆ. ತಂಡದಲ್ಲಿ ಚೆನ್ನಾಗಿ ಆಡಿದರೆ ಅವನು ಜಾಕ್, ಅದನ್ನು ಬೇರೆ ಸಾಬೀತು ಮಾಡಬೇಕಿಲ್ಲ. ಹುಡುಗಿಗೆ ಅಂಥ ದಾರಿಗಳು ಕಡಿಮೆ. ಅವಳ ಸ್ಥಾನ ತೀರ್ಮಾನವಾಗುವುದು ಅವಳು ಎಂಥವಳು ಎಂದು ಇತರರು ಭಾವಿಸುವುದರಿಂದ. ಹಾಗಾಗಿ ಉಡುಗೆ, ನಡೆ, ಗೆಳೆತನ, ಮಾತು ಎಲ್ಲದರಲ್ಲೂ ತಾನು ಯಾರೆಂದು ಅವಳು ತೋರಿಸುತ್ತಲೇ ಇರಬೇಕಾಗುತ್ತದೆ. ಜಾಕ್ ಹುಡುಗಿಯ ಎಚ್ಚರದ ಶಿಷ್ಟತೆಗೂ ಬರ್ನ್‌ಔಟ್ ಹುಡುಗಿಯ ತೀವ್ರ ನಗರದ ದನಿಗೂ ಹಿಂದಿರುವ ಒತ್ತಡ ಒಂದೇ. ಲಬೋವರ ವಿರೋಧಾಭಾಸ ಇಲ್ಲಿ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ: ನಿಯಮ ಪಾಲಿಸುವ ಹೆಂಗಸರೂ ಹೊಸತು ತರುವ ಹೆಂಗಸರೂ ಒಬ್ಬರೇ ಆಗಿರಬೇಕೆಂದಿಲ್ಲ.

ಇಷ್ಟಾದರೂ ಹಳೆಯ ಫಲಿತಾಂಶ ಸುಳ್ಳಾಗುವುದಿಲ್ಲ. ಬೆಲ್ಟನ್ ಹೈನಲ್ಲೇ ‘ಬ್ಯಾಡ್’ನ ಸ್ವರದಲ್ಲಿ ಹುಡುಗಿಯರು ಒಟ್ಟಾಗಿ ಮುಂದಿದ್ದರು, ಆ ಭಾಗಕ್ಕೆ ಗುಂಪಿನ ವಿವರಣೆ ಅಷ್ಟು ಸಾಲುವುದಿಲ್ಲ. ಎಕರ್ಟರ ವಿಧಾನಕ್ಕೂ ತಕ್ಕ ಬೆಲೆ ಕೊಡಬೇಕಾಗುತ್ತದೆ. ಒಂದು ಊರಿನ ಒಂದು ಶಾಲೆಯನ್ನು ಅಷ್ಟು ಹತ್ತಿರದಿಂದ ನೋಡಿದವರು ಇಡೀ ನಗರವನ್ನು ಅಳೆಯಲಾರರು. ಜಾಕ್, ಬರ್ನ್‌ಔಟ್ ಎಂಬ ಪಂಗಡಗಳೂ ಆ ಶಾಲೆಯ ಮಕ್ಕಳೇ ಕಟ್ಟಿಕೊಂಡವು, ಹೊರಗಿನವರ ಪ್ರಶ್ನಾವಳಿಯಲ್ಲಿ ಅವು ಮೊದಲೇ ಅಚ್ಚಾಗಿರುವುದಿಲ್ಲ. ಇನ್ನೊಂದು ಊರಿಗೆ ಹೋದವರು ಅಲ್ಲಿನ ಜನ ತಮ್ಮನ್ನು ಹೇಗೆ ವಿಂಗಡಿಸಿಕೊಂಡಿದ್ದಾರೆ ಎಂದು ಮೊದಲು ಕೇಳಿ ತಿಳಿದು, ಆಮೇಲೆ ಸ್ವರಗಳ ಎಣಿಕೆಗೆ ಕೂರಬೇಕು.